ಆಲೆಮನೆ ಚೀಟಿ ಲೆಕ್ಕಕ್ಕೆ ಮೂರು ಥರದ ಏಜೆಂಟ್: ಯಾವುದು ಸುತ್ತಿತು, ಯಾವುದು ದಾರಿ ತಪ್ಪಿತು

ಪಾಂಡವಪುರದ ಹತ್ತಿರ ನಮ್ಮ ದೊಡ್ಡಪ್ಪನದು ಒಂದು ಆಲೆಮನೆ ಇದೆ. ಸುತ್ತಲಿನ ಏಳು ಊರುಗಳಿಂದ ಟ್ರಾಕ್ಟರ್‌ನಲ್ಲಿ ಕಬ್ಬು ಬರುತ್ತದೆ. ತಿಂಗಳ ಕೊನೆಗೆ ಟ್ರಾಕ್ಟರ್ ಬಾಡಿಗೆ ಚುಕ್ತಾ ಮಾಡಬೇಕು. ದೂರ ಬೇರೆ ಬೇರೆ, ಹಾಗಾಗಿ ಟನ್ನಿಗೆ ಇಷ್ಟು ಅಂತ ಊರಿಗೊಂದು ದರ. ಮಧ್ಯದಲ್ಲಿ ಡೀಸೆಲ್‌ಗೆ ಅಂತ ಕೊಟ್ಟ ಅಡ್ವಾನ್ಸ್ ಕಳೆಯಬೇಕು. ಲೆಕ್ಕ ಇಷ್ಟೇ.

ಕಳೆದ ಸೀಸನ್‌ನ ಒಂದು ತಿಂಗಳ 58 ತೂಕದ ಚೀಟಿಗಳನ್ನು ನನ್ನ ತಮ್ಮ ಟೈಪ್ ಮಾಡಿಟ್ಟಿದ್ದ. ಕೆಲವು ಚೀಟಿಯಲ್ಲಿ ತೂಕ ಟನ್ನಲ್ಲಿದೆ, ಕೆಲವದರಲ್ಲಿ ಕ್ವಿಂಟಾಲಿನಲ್ಲಿ. ಕೆಲವದರಲ್ಲಿ ಗಾಡಿ ಸಮೇತದ ತೂಕ ಮತ್ತು ಖಾಲಿ ಗಾಡಿ ತೂಕ ಎರಡೇ ಇವೆ, ಕಳೆದ ತೂಕ ಇಲ್ಲ. ಅಂಚಿನಲ್ಲಿ ಯಾರೋ ಬರೆದ ಟಿಪ್ಪಣಿಗಳು ಬೇರೆ. ನೇರವಾಗಿ ಕೋಡ್ ಬರೆದು ಕೂಡೋಣ ಅಂದರೆ ಚೀಟಿಗೊಂದು ವಿನಾಯಿತಿ ಬರೆಯಬೇಕಾಗುತ್ತಿತ್ತು. ಅದಕ್ಕೇ ಚಾಟ್‌ಬಾಟ್ ಮಾಡೆಲ್ ಒಂದಕ್ಕೆ ನಾಲ್ಕು ಟೂಲ್ ಕೊಟ್ಟು, ಅವನ್ನು ತಾನೇ ಕರೆದು ಕೆಲಸ ಮುಗಿಸುವ ಏಜೆಂಟ್ ಮಾಡಿದೆ: ಊರಿನ ಹೆಸರು ಕೊಟ್ಟರೆ ಚೀಟಿ ನಂಬರ್‌ಗಳನ್ನು ಕೊಡುವ `list_slips`, ಚೀಟಿ ಓದುವ `read_slip`, ಲೆಕ್ಕ ಮಾಡುವ `calc`, ಸಾಲು ಬರೆದಿಡುವ `save_row`. ಊರುಗಳ ಹೆಸರು, ದರ, ಅಡ್ವಾನ್ಸ್ ಇರುವ ಬಾಡಿಗೆ ಪುಸ್ತಕವನ್ನು ಶುರುವಿನಲ್ಲೇ ಕೊಟ್ಟಿದ್ದೆ. ಮಾಡೆಲ್ ಒಂದೇ. ಅದನ್ನು ಓಡಿಸುವ ರೀತಿ ಮಾತ್ರ ಮೂರು. ಒಂದೊಂದನ್ನೂ ಐದೈದು ಸಲ ಓಡಿಸಿದೆ.

ಮೊದಲನೆಯದು ಎಲ್ಲರೂ ಶುರು ಮಾಡುವ ರೀತಿ. ಮಾಡೆಲ್ ಒಂದು ಸಾಲು ಯೋಚಿಸುತ್ತದೆ, ಒಂದು ಟೂಲ್ ಕರೆಯುತ್ತದೆ, ಬಂದ ಉತ್ತರ ನೋಡುತ್ತದೆ, ಮತ್ತೆ ಯೋಚಿಸುತ್ತದೆ. 2022ರಲ್ಲಿ ರಿಯಾಕ್ಟ್ ಅನ್ನೋ ಹೆಸರಲ್ಲಿ ಬಂದದ್ದು ಇದೇ. ಮುಂದಿನ ದಾರಿಯನ್ನು ಮೊದಲೇ ಬರೆದುಕೊಳ್ಳುವುದಿಲ್ಲ, ಕೈಗೆ ಸಿಕ್ಕಿದ್ದನ್ನು ನೋಡಿ ಹೆಜ್ಜೆ ಇಡುತ್ತದೆ. ಎರಡು ಊರಿನ ಲೆಕ್ಕ ಚೆನ್ನಾಗಿಯೇ ಮಾಡಿತು. ಮೂರನೇ ಊರಿಗೆ ಬಂದಾಗ ಪರದೆ ಮೇಲೆ ಹೀಗೆ ಬರತೊಡಗಿತು:

```
list_slips("ಚಿನ್ನಕುರುಳಿ") -> []
list_slips("ಚಿನ್ನಕುರುಳಿ ಗ್ರಾಮ") -> []
list_slips("ಚಿನ್ನಕುರುಳಿ") -> []
list_slips("ಚಿನ್ನಕುರುಳಿ ಗ್ರಾಮ") -> []
```

ಟೀ ಕುಡಿದು ಬರುವಷ್ಟರಲ್ಲಿ 30 ಸುತ್ತು ಮುಗಿದು, ಒಂದು ಊರಿಗೆ ಇಷ್ಟೇ ಅಂತ ನಾನಿಟ್ಟ ಮಿತಿಗೆ ಬಂದು ನಿಂತಿತ್ತು. ವಿಷಯ ಏನಂದ್ರೆ, ಬಾಡಿಗೆ ಪುಸ್ತಕದಲ್ಲಿ ದೊಡ್ಡಪ್ಪ ‘ಚಿನ್ನಕುರುಳಿ’ ಅಂತ ಬರೆದಿದ್ದರು. ತಮ್ಮ ಚೀಟಿಗಳಲ್ಲಿ ‘ಚಿನಕುರಳಿ’ ಅಂತ ಟೈಪ್ ಮಾಡಿದ್ದ. ನಮ್ಮ ಕಣ್ಣಿಗೆ ಎರಡೂ ಒಂದೇ ಊರು. ಅಕ್ಷರ ಹೋಲಿಸುವ ಟೂಲ್‌ಗೆ ಅವು ಬೇರೆ ಬೇರೆ.

ಇಷ್ಟು ಸಲ ಖಾಲಿ ಬಂದರೂ ಅದಕ್ಕೆ ಯಾಕೆ ಗೊತ್ತಾಗಲಿಲ್ಲ? ಎರಡು ಕಾರಣ ಸೇರಿಕೊಂಡಿವೆ. ಒಂದು, ಆ ಖಾಲಿ ಆವರಣ ಏನನ್ನೂ ಹೇಳುವುದಿಲ್ಲ. ಊರೇ ಇಲ್ವಾ, ಊರಿದ್ದು ಚೀಟಿ ಇಲ್ವಾ, ಹೆಸರು ತಪ್ಪಾ, ಟೂಲ್ ಕೆಟ್ಟಿದೆಯಾ, ಯಾವುದೂ ಅದರಿಂದ ತಿಳಿಯದು. ಹೊಸ ವಿಷಯ ಸಿಗದಿದ್ದ ಮೇಲೆ ಹೊಸ ಹೆಜ್ಜೆಗೆ ಆಧಾರ ಎಲ್ಲಿಂದ ಬರಬೇಕು? ಇನ್ನೊಂದು, ಮಾಡೆಲ್ ಪ್ರತಿ ಸುತ್ತಿನಲ್ಲೂ ಇಡೀ ಮಾತುಕತೆಯನ್ನು ಮೊದಲಿಂದ ಓದಿ ಮುಂದೆ ಏನು ಬರಬಹುದು ಅಂತ ಊಹಿಸುತ್ತದೆ. ಆ ಮಾತುಕತೆಯಲ್ಲಿ ಒಂದೇ ಕರೆ ಮೂರು ಸಲ ಇದ್ದರೆ, ನಾಲ್ಕನೆಯದೂ ಅದೇ ಬರುವ ಸಾಧ್ಯತೆ ಹೆಚ್ಚುತ್ತದೆ. ನಮಗಾದರೆ ಮೂರು ಸಲ ಸೋತದ್ದು ‘ಸಾಕು ನಿಲ್ಲಿಸು’ ಅನ್ನೋ ಸೂಚನೆ. ಮಾಡೆಲ್‌ಗೆ ಅದು ಮುಂದುವರಿಸಬೇಕಾದ ಮಾದರಿ. ರಿಯಾಕ್ಟ್ ಮಾಡಿದವರೇ ತಮ್ಮ ಬರಹದಲ್ಲಿ ಹಳೇ ಯೋಚನೆ, ಹಳೇ ಕರೆಯನ್ನೇ ಮತ್ತೆ ಮತ್ತೆ ಹೇಳುವ ಈ ದೋಷವನ್ನು ಬರೆದಿದ್ದಾರೆ.

ದುಡ್ಡಿನ ಲೆಕ್ಕವೂ ಇಲ್ಲೇ ಬರುತ್ತದೆ. ಮಾಡೆಲ್ ಬರಹವನ್ನು ಟೋಕನ್ ಅನ್ನೋ ಚಿಕ್ಕ ಚೂರುಗಳಾಗಿ ಓದುತ್ತದೆ, ದುಡ್ಡೂ ಆ ಚೂರುಗಳ ಲೆಕ್ಕದಲ್ಲೇ. ಸುತ್ತಿಗೆ ಸುಮಾರು 400 ಟೋಕನ್ ಸೇರುತ್ತಾ ಹೋದರೆ 30 ಸುತ್ತಿಗೆ ಕೊನೆಯಲ್ಲಿ ಇರುವುದು 12,000 ಟೋಕನ್. ಆದರೆ ಪ್ರತಿ ಸುತ್ತಿನಲ್ಲೂ ಹಿಂದಿನದ್ದೆಲ್ಲ ಮತ್ತೆ ಓದಿಸಬೇಕು. ಎಲ್ಲ ಕೂಡಿದರೆ 1,86,000 ಆಗುತ್ತದೆ. ಕನ್ನಡ ಅಕ್ಷರಗಳು ಇಂಗ್ಲಿಷ್‌ಗಿಂತ ಜಾಸ್ತಿ ಟೋಕನ್ ತಿನ್ನುತ್ತವೆ ಬೇರೆ.

ಅದೇ ಕರೆ ಎರಡು ಸಲ ಸಾಲಾಗಿ ಬಂದರೆ ನಿಲ್ಲಿಸು ಅಂತ ಮೊದಲು ಒಂದು ತಡೆ ಹಾಕಿದೆ. ಪ್ರಯೋಜನ ಆಗಲಿಲ್ಲ. ಮೇಲೆ ನೋಡಿ, ಎರಡು ಕರೆಗಳು ಒಂದಾದ ಮೇಲೊಂದು ಬರುತ್ತಿವೆ, ಸಾಲಾಗಿ ಯಾವುದೂ ಎರಡು ಸಲ ಇಲ್ಲ. ಕೊನೆಗೆ ಹೀಗೆ ಬರೆದೆ:

```python
key = (tool, json.dumps(args, sort_keys=True), str(result))
recent.append(key)
if recent[-8:].count(key) >= 3:
    stop_and_ask_me(key)
```

ಕಳೆದ ಎಂಟು ಕರೆಗಳಲ್ಲಿ ಅದೇ ಟೂಲ್, ಅದೇ ಮಾತು, ಅದೇ ಉತ್ತರ ಮೂರು ಸಲ ಬಂದರೆ ನಿಲ್ಲುತ್ತದೆ. ಉತ್ತರವನ್ನೂ ಸೇರಿಸಿದ್ದು ಬೇಕಂತಲೇ. ‘ಫೈಲ್ ರೆಡಿ ಆಯ್ತಾ’ ಅಂತ ಪದೇ ಪದೇ ಕೇಳುವುದು ಕೆಲವು ಕೆಲಸಗಳಲ್ಲಿ ಸರಿಯೇ. ಅಲ್ಲಿ ಕಾಯುವಾಗ ‘ಇಷ್ಟು ಭಾಗ ಆಗಿದೆ’ ಅಂತ ಉತ್ತರ ಬದಲಾಗುತ್ತಿರುತ್ತದೆ.

ಆದರೆ ಈ ತಡೆ ಸುತ್ತುವುದನ್ನು ಹಿಡಿಯುತ್ತದೆ ಅಷ್ಟೇ, ಬಿಡಿಸುವುದಿಲ್ಲ. ಬಿಡಿಸಿದ್ದು ಟೂಲ್‌ನ ಉತ್ತರ ಬದಲಿಸಿದ್ದು. ಖಾಲಿ ಆವರಣದ ಬದಲು ‘ಈ ಹೆಸರಿನ ಊರು ಚೀಟಿಗಳಲ್ಲಿ ಇಲ್ಲ. ಇರುವ ಊರುಗಳು: ಕೆನ್ನಾಳು, ಕ್ಯಾತನಹಳ್ಳಿ, ಚಿನಕುರಳಿ, ಹರವು...’ ಅಂತ ಹೇಳಿಸಿದೆ. ಮುಂದಿನ ಹೆಜ್ಜೆಯಲ್ಲೇ ಅದು `list_slips("ಚಿನಕುರಳಿ")` ಅಂತ ಕರೆಯಿತು. ಒಂಬತ್ತು ಚೀಟಿ ಸಿಕ್ಕವು. ಒಟ್ಟು 41.6 ಟನ್, ಟನ್ನಿಗೆ 180 ರೂಪಾಯಿಯಂತೆ 7,488. ಅದರಲ್ಲಿ 3,000 ಡೀಸೆಲ್ ಅಡ್ವಾನ್ಸ್ ಕಳೆದು 4,488. ಮಾಡೆಲ್ ಬದಲಿಸಲಿಲ್ಲ, ಸೂಚನೆ ಬದಲಿಸಲಿಲ್ಲ. ಸುತ್ತಿಕೊಳ್ಳುವ ಏಜೆಂಟ್ ಕಂಡಾಗ ಮೊದಲು ಮಾಡೆಲ್‌ನ ಬೈಯುತ್ತೇವಲ್ಲ, ಅದಕ್ಕಿಂತ ಮುಂಚೆ ಟೂಲ್ ಏನು ಉತ್ತರ ಕೊಡುತ್ತಿದೆ ಅಂತ ಒಂದು ಸಲ ನೋಡಬೇಕು.

ದಾರಿ ತಪ್ಪುವುದು ಬೇರೆ ಥರದ ರೋಗ. ಒಂದು ಚೀಟಿಯ ಅಂಚಿನಲ್ಲಿ ‘ಕಬ್ಬು ಒಣಗಿದೆ, ರೇಟು ಕಮ್ಮಿ ಮಾಡಿ’ ಅಂತ ಇತ್ತು. ಅದು ರೈತರಿಗೆ ಕೊಡುವ ಕಬ್ಬಿನ ರೇಟಿನ ಮಾತು. ನನ್ನ ಏಜೆಂಟ್ ಅದನ್ನು ತನಗೆ ಕೊಟ್ಟ ಆದೇಶ ಅಂದುಕೊಂಡು ಟ್ರಾಕ್ಟರ್ ಬಾಡಿಗೆ ದರವನ್ನೇ ಇಳಿಸಿತು. ಮುಂದಿನ ಚೀಟಿಗಳಲ್ಲಿ ಒಣಗಿದ ಕಬ್ಬು ಹುಡುಕುವುದಕ್ಕೂ ಶುರು ಮಾಡಿತು. ನಾನು ಹೇಳಿದ ಮಾತು, ಚೀಟಿಯಿಂದ ಬಂದ ಮಾತು, ಎರಡೂ ಮಾಡೆಲ್‌ಗೆ ಒಂದೇ ಉದ್ದನೆಯ ಬರಹದ ಭಾಗಗಳು. ನನ್ನದು ಎಲ್ಲೋ ಮೇಲೆ, 25 ಚೀಟಿಗಳ ಹಿಂದೆ. ಟಿಪ್ಪಣಿ ಈಗಷ್ಟೇ ಬಂದಿದೆ, ಆಜ್ಞೆಯ ಧಾಟಿಯಲ್ಲೂ ಇದೆ. ಪ್ರತಿ ಟೂಲ್ ಉತ್ತರದ ಕೆಳಗೆ ‘ಕೆಲಸ: ಊರುವಾರು ಬಾಡಿಗೆ. ದರ ಪುಸ್ತಕದಿಂದ ಮಾತ್ರ’ ಅಂತ ಒಂದು ಸಾಲು ಅಂಟಿಸಿದ ಮೇಲೆ ಇದು ಕಡಿಮೆಯಾಯಿತು. ಪೂರ್ತಿ ನಿಲ್ಲಲಿಲ್ಲ. ಐದರಲ್ಲಿ ಒಂದು ಸಲ ಮತ್ತೆ ರೇಟು ಇಳಿಸಿತು.

ಎರಡನೇ ರೀತಿಯ ಮೇಲೆ ನನಗೆ ತುಂಬಾ ನಂಬಿಕೆಯಿತ್ತು. ಮೊದಲು ಪೂರ್ತಿ ಯೋಜನೆ ಬರೆಸುವುದು, ಆಮೇಲೆ ಒಂದೊಂದೇ ಹೆಜ್ಜೆ ಮಾಡಿಸುವುದು. ಟೂಲ್‌ಗಳ ಉತ್ತರವನ್ನು ಹೋಲಿಕೆಗಾಗಿ ಹಳೆಯ ಹಾಗೇ ಖಾಲಿ ಆವರಣಕ್ಕೆ ಇಳಿಸಿದೆ. ಒಂದೇ ಒಂದು ಸಲವೂ ಸುತ್ತಲಿಲ್ಲ. ಎಷ್ಟು ನೀಟಾಗಿ ಮುಗಿಸಿತು ಅಂದ್ರೆ, ಚಿನಕುರಳಿಗೆ ಚೀಟಿ ಸಿಗಲಿಲ್ಲ ಅಂತ 0 ಟನ್ ಬರೆದು, 3,000 ಅಡ್ವಾನ್ಸ್ ಕಳೆದು, ಕೊಡಬೇಕಾದದ್ದು −3,000 ಅಂತ ಸಾಲು ಹಾಕಿ ಮುಂದಿನ ಊರಿಗೆ ಹೋಗಿತ್ತು. ಪ್ರಿಂಟ್ ನೋಡಿದ ದೊಡ್ಡಪ್ಪ, “ಚಿನಕುರಳಿಯೋರೇ ನಮ್ಗೆ ಮೂರ್ ಸಾವ್ರ ಕೊಡ್ಬೇಕಾ? ಚೆನ್ನಾಗೈತೆ ಕಣ್ ಮಗ ನಿನ್ ಲೆಕ್ಕ” ಅಂದರು.

ಯೋಜನೆ ಬರೆಯುವಾಗ ಅದಕ್ಕೆ ಚೀಟಿಗಳ ಮುಖವೇ ಗೊತ್ತಿರಲಿಲ್ಲ. ‘ಚೀಟಿ ಪಟ್ಟಿ ತೆಗೆ, ಓದು, ಕೂಡು’ ಅಂತ ಬರೆದದ್ದರಲ್ಲಿ ‘ಪಟ್ಟಿ ಖಾಲಿ ಬಂದರೆ’ ಅನ್ನೋ ಸಾಲಿಗೆ ಜಾಗ ಇರಲಿಲ್ಲ. ಸುತ್ತುವ ಏಜೆಂಟ್‌ಗಿಂತ ಇದು ಅಪಾಯ, ಯಾಕಂದ್ರೆ ಅದು ಸುತ್ತುವುದು ಕಣ್ಣಿಗೆ ಕಾಣುತ್ತದೆ. ಇದು ಮುಗಿಸಿದೆ ಅಂತಲೇ ಹೇಳುತ್ತದೆ.

ಸರಿ, ಪ್ರತಿ ಊರು ಮುಗಿದ ಮೇಲೆ ಯೋಜನೆಯನ್ನು ತಿದ್ದಿ ಬರೆ ಅಂತ ಹೇಳಿ ನೋಡಿದೆ. ಆಗ ದಾರಿ ತಪ್ಪುವುದು ಹೊಸ ವೇಷದಲ್ಲಿ ಬಂತು. ಮೊದಲ ಯೋಜನೆಯಲ್ಲಿ ‘ಡೀಸೆಲ್ ಅಡ್ವಾನ್ಸ್ ಕಳೆದು ಉಳಿದ ಬಾಡಿಗೆ ಬರೆ’ ಅಂತ ಇತ್ತು. ಎರಡನೇ ಸಲ ಅದು ‘ಬಾಡಿಗೆ ಲೆಕ್ಕ ಪೂರ್ತಿ ಮಾಡು’ ಆಯಿತು. ನಾಲ್ಕನೇ ಸಲಕ್ಕೆ ‘ಊರುಗಳ ಸಾರಾಂಶ ತಯಾರಿಸು’ ಅಂತ ಉಳಿಯಿತು. ಡೀಸೆಲ್ ಎಲ್ಲೋ ಸೋರಿಹೋಗಿತ್ತು. ಜೆರಾಕ್ಸಿನ ಜೆರಾಕ್ಸ್ ತೆಗೆದಾಗ ಅಕ್ಷರ ಮಾಸುವ ಹಾಗೆ. ತಿದ್ದುವಾಗ ಅದು ನೋಡುತ್ತಿದ್ದದ್ದು ತನ್ನ ಹಿಂದಿನ ಯೋಜನೆಯನ್ನು, ನನ್ನ ಮೂಲ ಮಾತನ್ನಲ್ಲ. ತಿದ್ದುವಾಗೆಲ್ಲ ಮೂಲ ಮಾತನ್ನು ಅಕ್ಷರಶಃ ಪಕ್ಕದಲ್ಲಿ ಇಟ್ಟರೆ ಇದು ಸುಧಾರಿಸುತ್ತದೆ.

ಮೂರನೆಯದರಲ್ಲಿ ಯೋಜನೆಯನ್ನು ಮಾಡೆಲ್ ಕೈಗೇ ಕೊಡಲಿಲ್ಲ. ಏಳು ಊರಿನ ಪಟ್ಟಿ ಪೈಥಾನ್ ಕೋಡ್‌ನಲ್ಲಿ ಇರುತ್ತದೆ. ಒಂದೊಂದು ಊರಿಗೂ ಹೊಸ ಮಾತುಕತೆ, ಹಳೆಯದರ ನೆನಪಿಲ್ಲ. ಮಾಡೆಲ್ ಆ ಊರಿನ ಎಂಟೋ ಒಂಬತ್ತೋ ಚೀಟಿ ಓದಿ ಟನ್ ಮಾತ್ರ ಹೇಳುತ್ತದೆ. ಅದಕ್ಕೆಂದೇ `save_row` ಟೂಲ್ ಊರು ಮತ್ತು ಟನ್ ಬಿಟ್ಟು ಬೇರೇನೂ ತೆಗೆದುಕೊಳ್ಳದ ಹಾಗೆ ಮಾಡಿದೆ. ದರ ಗುಣಿಸುವುದು, ಅಡ್ವಾನ್ಸ್ ಕಳೆಯುವುದು ಕೋಡ್. ಒಣಗಿದ ಕಬ್ಬಿನ ಟಿಪ್ಪಣಿ ಓದಿ ಮಾಡೆಲ್ ಏನೇ ಯೋಚಿಸಲಿ, ರೇಟು ಇಳಿಸಲು ಅದಕ್ಕೆ ಜಾಗವೇ ಇಲ್ಲ. ಮಾತನಾಡುವ ಟೂಲ್‌ಗಳನ್ನೇ, ಅಂದರೆ ಖಾಲಿ ಆವರಣದ ಬದಲು ಇರುವ ಊರುಗಳನ್ನು ಹೇಳುವವನ್ನೇ, ಇಲ್ಲಿ ಕೊಟ್ಟೆ. ಐದಕ್ಕೆ ಐದು ಸಲವೂ ಸುತ್ತದೆ, ದಾರಿ ತಪ್ಪದೆ ಮುಗಿಸಿತು.

ಆದರೂ ಮೊತ್ತ ತಪ್ಪಾಗಿತ್ತು. ಊರುಗಳದ್ದೆಲ್ಲ ಕೂಡಿದರೆ 267.7 ಟನ್. ನಾನು ಕೈಯಲ್ಲಿ ಕೂಡಿದ 58 ಚೀಟಿಗಳ ಮೊತ್ತ 263.4. ಹುಡುಕಿದರೆ ಒಂದು ಚೀಟಿಯಲ್ಲಿ ‘ಹರವು, ಕೆನ್ನಾಳು ಅರ್ಧ ಅರ್ಧ’ ಅಂತ ಇತ್ತು. ಒಂದೇ ಟ್ರಾಕ್ಟರ್ ಎರಡೂ ಊರಲ್ಲಿ ತುಂಬಿಕೊಂಡು ಬಂದಿತ್ತು. ಆ ಚೀಟಿ ಎರಡೂ ಊರಿನ ಪಟ್ಟಿಗೆ ಬಂದು, ಎರಡೂ ಮಾತುಕತೆಗಳು ಅದರ ಪೂರ್ತಿ 4.3 ಟನ್ ಸೇರಿಸಿಕೊಂಡಿದ್ದವು. ಒಂದಕ್ಕೊಂದು ಗೊತ್ತಿಲ್ಲದ ಮಾತುಕತೆಗಳಲ್ಲಿ ಈ ತಪ್ಪು ಒಳಗಿನಿಂದ ಕಾಣುವುದಿಲ್ಲ. ಮೊದಲನೇ ರೀತಿ ಇದೇ ಚೀಟಿಯನ್ನು ಎರಡನೇ ಸಲ ಕಂಡಾಗ ‘ಇದನ್ನು ಆಗಲೇ ಸೇರಿಸಿದ್ದೇನೆ’ ಅಂತ ಗುರುತಿಸಿತ್ತು, ಅದನ್ನು ಒಪ್ಪಿಕೊಳ್ಳಬೇಕು. ಈಗ ಒಂದೇ ಚೀಟಿ ನಂಬರ್ ಎರಡು ಊರಿಗೆ ಬಂದರೆ ಕೋಡ್ ನನ್ನನ್ನೇ ಕೇಳುತ್ತದೆ.

ಮೂರಕ್ಕೂ ಮಾತನಾಡುವ ಟೂಲ್‌ಗಳನ್ನು ಹಾಕಿ ಇನ್ನೊಂದು ಸುತ್ತು ಓಡಿಸಿ, ಆ ಹಂಚಿದ ಚೀಟಿಯನ್ನು ಪಕ್ಕಕ್ಕಿಟ್ಟು ನೋಡಿದಾಗ ಸರಿ ಉತ್ತರ ಬಂದದ್ದು ಮೊದಲನೆಯದಕ್ಕೆ ಐದರಲ್ಲಿ ನಾಲ್ಕು, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಐದು. ಐದು ಸಲ ಓಡಿಸಿದ್ದನ್ನು ದೊಡ್ಡ ಪರೀಕ್ಷೆ ಅಂತ ಯಾರೂ ಅನ್ನಲಾರರು.

ಪಟ್ಟಿ ಮೊದಲೇ ಗೊತ್ತಿರುವ ಬಾಡಿಗೆ ಲೆಕ್ಕಕ್ಕೆ ಈಗ ಮೂರನೆಯದನ್ನೇ ಇಟ್ಟುಕೊಂಡಿದ್ದೇನೆ. ‘ಆ 12ನೇ ತಾರೀಕಿನ ಚೀಟಿ ಎಲ್ಲಿ ಹೋಯ್ತು’ ಅಂತ ದೊಡ್ಡಪ್ಪ ಫೋನ್ ಮಾಡಿದಾಗ ಮಾತ್ರ ಮೊದಲನೆಯದು, ಹನ್ನೆರಡು ಸುತ್ತಿನ ಮಿತಿ ಹಾಕಿ. ಹುಡುಕುವ ಕೆಲಸದಲ್ಲಿ ಮುಂದಿನ ಹೆಜ್ಜೆ ಏನು ಅಂತ ನನಗೇ ಗೊತ್ತಿರುವುದಿಲ್ಲ, ಕೋಡ್‌ನಲ್ಲಿ ಏನಂತ ಬರೆಯಲಿ? ಎರಡನೆಯದನ್ನು ತೆಗೆದುಹಾಕಿದೆ. ಬಾಡಿಗೆ ಪುಸ್ತಕದಲ್ಲಿ ಊರಿನ ಹೆಸರು ತಿದ್ದಿ ಅಂತ ದೊಡ್ಡಪ್ಪನಿಗೆ ಹೇಳಿದ್ದೇನೆ. ಅವರು ಇನ್ನೂ ‘ಚಿನ್ನಕುರುಳಿ’ ಅಂತಲೇ ಬರೆಯುತ್ತಿದ್ದಾರೆ.