ಸೀರಿಯಲ್, ರಾಗಿ ಸರಿ, ಹೆಲ್ತ್ ಮಿಕ್ಸ್: ಪ್ಯಾಕೆಟ್ಟಿನ ಹಿಂಭಾಗ ಓದಿ, ಕಲಸಿ ನೋಡಿದ ಹೋಲಿಕೆ

ಆರು ತಿಂಗಳು ತುಂಬಿದ ಮಗುವಿಗೆ ಮೊದಲ ಆಹಾರ ಅಂತ ನಮ್ಮ ಅಂಗಡಿಗಳಲ್ಲಿ ಸಿಗುವುದು ಮುಖ್ಯವಾಗಿ ಮೂರು ಬಗೆ. ಬಿಸಿನೀರಿನಲ್ಲಿ ಕಲಸಿದರೆ ಸಾಕು ಅನ್ನುವ ಗೋಧಿ-ಹಾಲಿನ ಸೀರಿಯಲ್, ಮೊಳಕೆ ಕಟ್ಟಿದ ರಾಗಿಯ ಸರಿ ಹಿಟ್ಟು, ಮತ್ತೆ ಹದಿನೈದು-ಇಪ್ಪತ್ತು ಕಾಳು ಸೇರಿದ ಹೆಲ್ತ್ ಮಿಕ್ಸ್. ಮೂರರ ಮುಂಭಾಗದಲ್ಲೂ ಹೆಚ್ಚುಕಡಿಮೆ ಒಂದೇ ಮಾತು ಇರುತ್ತದೆ. ಹಿಂಭಾಗ ತಿರುಗಿಸಿದಾಗಲೇ ವ್ಯತ್ಯಾಸ ಗೊತ್ತಾಗುವುದು.

ಮೊದಲು ವಯಸ್ಸಿನ ವಿಚಾರ. ಶಿಶು ಆಹಾರ ಅಂತ ಮಾರುವ ಪ್ರತಿ ಡಬ್ಬಿಯ ಮೇಲೂ ತಾಯಿಯ ಹಾಲೇ ಮಗುವಿಗೆ ಶ್ರೇಷ್ಠ ಎಂಬ ಸೂಚನೆ ಇರಲೇಬೇಕು, ಮಗುವಿನ ಅಥವಾ ಹೆಂಗಸಿನ ಚಿತ್ರ ಇರಕೂಡದು. 1992ರ ಶಿಶು ಆಹಾರ ಕಾಯ್ದೆಯ ನಿಯಮ ಇದು. ಆದ್ದರಿಂದ ನಗುವ ಮಗುವಿನ ಫೋಟೋ ಇದ್ದು, ಈ ಸೂಚನೆ ಇಲ್ಲದ ಪ್ಯಾಕೆಟ್ ಕಂಡರೆ ಒಂದು ವಿಷಯ ಖಚಿತ: ಅದನ್ನು ಶಿಶು ಆಹಾರದ ನಿಯಮಕ್ಕೆ ಒಳಪಟ್ಟು ತಯಾರಿಸಿಲ್ಲ, ಅಥವಾ ನಿಯಮ ಮೀರಿದ್ದಾರೆ. ಹೆಲ್ತ್ ಮಿಕ್ಸ್‌ಗಳಲ್ಲಿ ಇದು ಬಹಳ ಸಾಮಾನ್ಯ. ‘ಮನೆಮಂದಿಗೆಲ್ಲ’ ಅಂತ ಬರೆದಿದ್ದರೆ ಅದು ದೊಡ್ಡವರ ಆಹಾರ ಅಂತಲೇ ತಿಳಿದುಕೊಳ್ಳಿ. ಅದರಲ್ಲಿ ಎಷ್ಟು ಕಬ್ಬಿಣ ಇರಬೇಕು, ಎಷ್ಟು ಸಕ್ಕರೆ ಮೀರಬಾರದು ಎಂಬ ಶಿಶು ಆಹಾರದ ಮಿತಿಗಳು ಅದಕ್ಕೆ ಅನ್ವಯಿಸುವುದಿಲ್ಲ.

ವಿದೇಶದಲ್ಲಿರುವವರಿಗೆ ಇನ್ನೊಂದು ಗೊಂದಲ: ಅಲ್ಲಿ ‘4 ತಿಂಗಳಿಂದ’ ಅಂತ ಮುದ್ರಿಸಿದ ಪೊಟ್ಟಣಗಳೂ ಸಿಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 6 ತಿಂಗಳು ತುಂಬಿದ ಮೇಲೆಯೇ.

ಈಗ ಸೀರಿಯಲ್. ಇದರಲ್ಲಿ ಕಣ್ಣಿಡಬೇಕಾದದ್ದು ಸಕ್ಕರೆಯ ಸಾಲಿನ ಮೇಲೆ. ಪದಾರ್ಥಗಳ ಪಟ್ಟಿ ತೂಕದ ಇಳಿಕೆಯ ಕ್ರಮದಲ್ಲಿರುತ್ತದೆ, ಮೊದಲ ಹೆಸರೇ ಅತಿ ಹೆಚ್ಚು. ಪೌಷ್ಟಿಕಾಂಶದ ಪಟ್ಟಿಯಲ್ಲಿ ‘ಒಟ್ಟು ಸಕ್ಕರೆ’ ಮತ್ತು ‘ಸೇರಿಸಿದ ಸಕ್ಕರೆ’ ಅಂತ ಎರಡು ಸಾಲು ನೋಡಿ. ಒಟ್ಟು ಸಕ್ಕರೆಯಲ್ಲಿ ಹಾಲಿನ ಸಹಜ ಲ್ಯಾಕ್ಟೋಸೂ ಸೇರಿರುವುದರಿಂದ ಆ ಅಂಕಿ ನೋಡಿ ಹೆದರಬೇಕಾಗಿಲ್ಲ. ಅದನ್ನು ಬಿಡಿಸಿ ನೋಡುವ ಲೆಕ್ಕ ಸುಲಭ.

ಒಂದು ಮಾದರಿ ಲೇಬಲ್ ತೆಗೆದುಕೊಳ್ಳೋಣ. ಗೋಧಿ ಹಿಟ್ಟು ಅರ್ಧದಷ್ಟು, ಹಾಲಿನ ಘನಾಂಶ ಶೇ. 36, ಆಮೇಲೆ ಸಕ್ಕರೆ. 100 ಗ್ರಾಂಗೆ ಒಟ್ಟು ಸಕ್ಕರೆ 24 ಗ್ರಾಂ, ಸೇರಿಸಿದ್ದು 10 ಗ್ರಾಂ. ಕೆನೆಭರಿತ ಹಾಲಿನ ಪುಡಿಯಲ್ಲಿ ಸುಮಾರು ಶೇ. 38ರಷ್ಟು ಲ್ಯಾಕ್ಟೋಸ್ ಇರುತ್ತದೆ. 36 ಗ್ರಾಂ ಹಾಲಿನ ಪುಡಿಯಿಂದ ಬರುವುದು 14 ಗ್ರಾಂ ಹತ್ತಿರ. 14ಕ್ಕೆ 10 ಕೂಡಿಸಿದರೆ 24. ಲೆಕ್ಕ ತಾಳೆಯಾಯಿತು, ಲೇಬಲ್ ನೇರವಾಗಿದೆ. ಒಂದು ಸಲಕ್ಕೆ 25 ಗ್ರಾಂ ಪುಡಿ ಹಾಕಿದರೆ ಸೇರಿಸಿದ ಸಕ್ಕರೆ ಎರಡೂವರೆ ಗ್ರಾಂ, ದಿನಕ್ಕೆ ಎರಡು ಸಲ ಕೊಟ್ಟರೆ 5 ಗ್ರಾಂ, ಅಂದರೆ ಸರಿಸುಮಾರು ಒಂದು ಟೀ ಚಮಚ. ದೊಡ್ಡವರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಎರಡು ವರ್ಷದೊಳಗಿನ ಮಗುವಿಗೆ ಸಕ್ಕರೆ ಹೆಚ್ಚಿರುವ ಆಹಾರ ಕೊಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಹೇಳುತ್ತದೆ. ನಮ್ಮ ದೇಶದ ನಿಯಮ ಇಷ್ಟು ಬಿಗಿಯಾಗಿಲ್ಲ. 2020ರ ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಒಟ್ಟು ಕಾರ್ಬೋಹೈಡ್ರೇಟ್‌ನ ಶೇ. 20ರವರೆಗೆ ಸುಕ್ರೋಸ್, ಫ್ರಕ್ಟೋಸ್ ಸೇರಿಸಲು ಅವಕಾಶ ಇದೆ. ನಮ್ಮ ಮಾದರಿ ಲೇಬಲ್‌ನಲ್ಲಿ ಕಾರ್ಬೋಹೈಡ್ರೇಟ್ 66 ಗ್ರಾಂ ಇದ್ದರೆ 13 ಗ್ರಾಂ ಸಕ್ಕರೆ ಹಾಕಿದರೂ ಕಾನೂನು ಮೀರಿದಂತಾಗದು. ಹಾಗಾಗಿ ‘ನಿಯಮಾನುಸಾರ ತಯಾರಿಸಿದ್ದು’ ಎಂಬ ಮಾತನ್ನು ಸಕ್ಕರೆಯ ವಿಷಯದಲ್ಲಿ ನಂಬಿ ಕೂರುವಂತಿಲ್ಲ. 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಪಬ್ಲಿಕ್ ಐ ಸಂಸ್ಥೆಯ ವರದಿ ಬಂದ ಮೇಲೆ ಇಲ್ಲಿನ ಸೀರಿಯಲ್‌ಗಳ ಸಕ್ಕರೆ ದೊಡ್ಡ ಚರ್ಚೆಯಾಯಿತು. ಆಮೇಲೆ ‘ಸಂಸ್ಕರಿಸಿದ ಸಕ್ಕರೆ ಇಲ್ಲ’ ಎಂಬ ಪೊಟ್ಟಣಗಳೂ ಬಂದವು.

ಆ ‘ಸಂಸ್ಕರಿಸಿದ ಸಕ್ಕರೆ ಇಲ್ಲ’ ಎಂಬುದನ್ನೂ ಇದೇ ಲೆಕ್ಕಕ್ಕೆ ಹಾಕಿ ನೋಡಿ. ಹಾಲಿನ ಘನಾಂಶ ಶೇ. 30 ಅಂದರೆ ಲ್ಯಾಕ್ಟೋಸ್ 11 ಗ್ರಾಂ ಆಸುಪಾಸು. ಒಟ್ಟು ಸಕ್ಕರೆ 26 ಅಂತ ಇದ್ದರೆ ಉಳಿದ 15 ಗ್ರಾಂ ಎಲ್ಲಿಂದ ಬಂತು? ಪದಾರ್ಥಗಳ ಪಟ್ಟಿಯಲ್ಲಿ ಖರ್ಜೂರದ ಪುಡಿ, ಬಾಳೆಹಣ್ಣಿನ ಪುಡಿ, ಹಣ್ಣಿನ ರಸದ ಸಾಂದ್ರ, ಬೆಲ್ಲದ ಪುಡಿ, ಮಾಲ್ಟ್ ಸಾರ, ಡೆಕ್ಸ್‌ಟ್ರೋಸ್ ಇವುಗಳಲ್ಲಿ ಯಾವುದಾದರೂ ಕಾಣುತ್ತದೆ. ನಾಲಿಗೆಗೆ ಅದು ಸಿಹಿಯೇ. ಸಿಹಿ ಸೀರಿಯಲ್‌ಗೆ ಒಗ್ಗಿದ ಮಗು ಸಪ್ಪೆ ಬೇಳೆಕಟ್ಟು, ಸೊಪ್ಪು ಉಗಿಯುವುದು ಇಲ್ಲಿಂದಲೇ ಶುರುವಾಗುತ್ತದೆ. ಪಿಷ್ಟದಿಂದ ತಯಾರಿಸುವ ಮಾಲ್ಟೋಡೆಕ್ಸ್‌ಟ್ರಿನ್ ಇದ್ದರೆ ಅದು ಸಕ್ಕರೆಯ ಸಾಲಿನಲ್ಲಿ ಕಾಣಿಸುವುದೇ ಇಲ್ಲ, ಕಾರ್ಬೋಹೈಡ್ರೇಟ್‌ನಲ್ಲಿ ಸೇರಿಹೋಗುತ್ತದೆ. ಅದನ್ನು ಪಟ್ಟಿಯಲ್ಲಿ ಹೆಸರಿನಿಂದಲೇ ಹುಡುಕಬೇಕು. ಜೇನು ಇದ್ದ ಪೊಟ್ಟಣವನ್ನು ವರ್ಷ ತುಂಬುವ ತನಕ ಮುಟ್ಟಲೇಬೇಡಿ. ಅದರಲ್ಲಿ ಬಾಟುಲಿಸಂ ರೋಗಾಣುವಿನ ಬೀಜಕಗಳು ಇರಬಹುದು, ಎಳೆಗರುಳು ಅವನ್ನು ತಡೆಯಲಾರದು.

ಉಪ್ಪಿಗೂ ಇದೇ ಉಪಾಯ. ಲೇಬಲ್‌ನಲ್ಲಿ ಬರೆಯುವುದು ಸೋಡಿಯಂ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. ಹಾಲಿನ ಪುಡಿಯಲ್ಲೇ ಸಹಜವಾಗಿ ಸೋಡಿಯಂ ಇರುವುದರಿಂದ, ಮೂರನೇ ಒಂದು ಭಾಗ ಹಾಲಿನ ಪುಡಿ ಇರುವ ಸೀರಿಯಲ್‌ನಲ್ಲಿ 100 ಗ್ರಾಂಗೆ 120-130 ಮಿಲಿಗ್ರಾಂ ಇದ್ದರೆ ಯಾರೂ ಉಪ್ಪು ಹಾಕಿಲ್ಲ ಎಂದರ್ಥ. ರಾಗಿಯಲ್ಲಿ ಸಹಜ ಸೋಡಿಯಂ ತೀರಾ ಕಡಿಮೆ. ಆದ್ದರಿಂದ ಬರೀ ರಾಗಿ ಅನ್ನುವ ಪ್ಯಾಕೆಟ್‌ನಲ್ಲಿ 200 ಮಿಲಿಗ್ರಾಂ ಕಂಡರೆ ಏನೋ ಸೇರಿದೆ. ನಿಜವಾಗಿ ಉಪ್ಪಿನ ತೊಂದರೆ ಇರುವುದು ಬಿಸ್ಕತ್ತಿನಲ್ಲಿ. ಹಲ್ಲು ಬರುವ ಮಗುವಿಗೆ ಅಂತ ಕೈಗೆ ಕೊಡುವ ಸಾಮಾನ್ಯ ಗ್ಲೂಕೋಸ್ ಬಿಸ್ಕತ್ತಿನ ತೂಕದಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಸಕ್ಕರೆ, ಅದರ ಜೊತೆಗೆ ಉಪ್ಪು ಮತ್ತು ಸೋಡಾ. ಅದನ್ನು ಹಾಲಿನಲ್ಲಿ ನೆನೆಸಿ ಊಟದ ಬದಲು ತಿನ್ನಿಸುವ ರೂಢಿ ಬಿಡಲೇಬೇಕು.

ರಾಗಿ ಸರಿಗೆ ಬರೋಣ. ಒಳ್ಳೆಯ ಪ್ಯಾಕೆಟ್ಟಿನ ಪದಾರ್ಥಗಳ ಪಟ್ಟಿ ಒಂದೇ ಸಾಲು: ಮೊಳಕೆ ಕಟ್ಟಿದ ರಾಗಿ. ಸಕ್ಕರೆ ಇಲ್ಲ, ಉಪ್ಪು ಇಲ್ಲ, ಕ್ಯಾಲ್ಸಿಯಂ 100 ಗ್ರಾಂಗೆ 340-360 ಮಿಲಿಗ್ರಾಂನಷ್ಟು. ಪಟ್ಟಿಯ ಮಟ್ಟಿಗೆ ಮೂರರಲ್ಲಿ ಇದೇ ಗೆಲ್ಲುತ್ತದೆ. ಸೋಲುವುದು ಬಟ್ಟಲಿನಲ್ಲಿ. ಎರಡು ಚಮಚ ಹಿಟ್ಟು, ಅಂದರೆ 10 ಗ್ರಾಂ, ಲೋಟ ನೀರಿಗೆ ಹಾಕಿ ಕುದಿಸಿ ನೀರುನೀರಾಗಿ ಕುಡಿಸಿದರೆ ಮಗುವಿಗೆ ಸಿಗುವುದು 35 ಕ್ಯಾಲರಿಗಿಂತ ಕಡಿಮೆ. ತಾಯಿಹಾಲು ಕುಡಿಯುವ 6ರಿಂದ 8 ತಿಂಗಳ ಮಗುವಿಗೆ ಮೇಲಿನ ಆಹಾರದಿಂದ ದಿನಕ್ಕೆ ಸುಮಾರು 200 ಕ್ಯಾಲರಿ ಬೇಕು. ಹೊಟ್ಟೆ ತುಂಬಿತು, ತೂಕ ಏರಲಿಲ್ಲ ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಈ ತೆಳು ಸರಿಯೇ ಇರುತ್ತದೆ.

ಸರಿಯಾದ ಅಳತೆ ಹೀಗೆ: 20 ಗ್ರಾಂ ಹಿಟ್ಟನ್ನು 150 ಮಿಲಿಲೀಟರ್ ತಣ್ಣೀರಿನಲ್ಲೇ ಗಂಟಿಲ್ಲದಂತೆ ಕಲಸಿ, ಆಮೇಲೆ ಒಲೆಗೆ ಇಡಿ. ಬಿಸಿನೀರಿಗೆ ಹಿಟ್ಟು ಸುರಿದರೆ ಗಂಟಿನ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಸಣ್ಣ ಉರಿಯಲ್ಲಿ ತಳ ಹಿಡಿಯದಂತೆ ಐದಾರು ನಿಮಿಷ ಕೈಯಾಡಿಸಿ, ಹಸಿ ವಾಸನೆ ಹೋಗಿ ಮೇಲೆ ಹೊಳಪು ಬಂದಾಗ ಇಳಿಸಿ, ಒಂದು ಟೀ ಚಮಚ ತುಪ್ಪ ಬೆರೆಸಿ. ಆಗ ಇದು 110 ಕ್ಯಾಲರಿ ಹತ್ತಿರ ಬರುತ್ತದೆ, 25 ಗ್ರಾಂ ಸೀರಿಯಲ್‌ಗೆ ಸರಿಸಮ. ಚಮಚ ಓರೆ ಮಾಡಿದರೆ ನಿಧಾನಕ್ಕೆ ಜಾರಬೇಕು, ನೀರಿನಂತೆ ಹರಿಯಬಾರದು.

ಮೊಳಕೆಯ ಬೆಲೆ ಗೊತ್ತಾಗುವುದು ಇಲ್ಲೇ. ಮೊಳೆತ ಕಾಳಿನಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಗಂಜಿಯನ್ನು ಮೆದುವಾಗಿಸುತ್ತದೆ. ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಮಗುವಿಗೆ ನುಂಗಲು ಬರುತ್ತದೆ. ಆದರೆ ಮೊಳೆತ ಮೇಲೆ ಕಾಳನ್ನು ಜೋರಾಗಿ ಹುರಿದಿದ್ದರೆ ಕಿಣ್ವ ಸತ್ತುಹೋಗಿರುತ್ತದೆ. ಪರೀಕ್ಷೆ ಸುಲಭ: ಸಾಧಾರಣ ರಾಗಿ ಹಿಟ್ಟಿನ ಗಟ್ಟಿ ಗಂಜಿ ಕಾಯಿಸಿ, ಬೆರಳು ಸುಡದಷ್ಟು ಆರಿದ ಮೇಲೆ ಈ ಪ್ಯಾಕೆಟ್ಟಿನ ಒಂದು ಚಮಚ ಹಿಟ್ಟು ಬೆರೆಸಿ. ಹತ್ತು ನಿಮಿಷದಲ್ಲಿ ಗಂಜಿ ಸಡಿಲವಾದರೆ ಕಿಣ್ವ ಉಳಿದಿದೆ. ಗಟ್ಟಿಯಾಗಿಯೇ ಕೂತರೆ ಮೊಳಕೆಯ ಹೆಸರಿಗೆ ಕೊಟ್ಟ ಹೆಚ್ಚಿನ ದುಡ್ಡಿಗೆ ಈ ಗುಣ ಸಿಕ್ಕಿಲ್ಲ. ಹಸಿ ಹಿಟ್ಟು ಬೆರೆತಿರುವುದರಿಂದ ಆ ಗಂಜಿಯನ್ನು ಮತ್ತೆ ಕುದಿಸದೆ ಮಗುವಿಗೆ ಕೊಡಬಾರದು.

ರಾಗಿಯ ಇನ್ನೊಂದು ಕೊರತೆ ಕಬ್ಬಿಣ. ರಾಗಿಯಲ್ಲಿ ಅದು ಇದೆ, ಆದರೆ ಕಾಳಿನಲ್ಲೇ ಇರುವ ಫೈಟೇಟ್ ಮತ್ತು ಟ್ಯಾನಿನ್ ಎಂಬ ಅಂಶಗಳು ಅಡ್ಡ ಬರುವುದರಿಂದ ಮೈಗೆ ಹತ್ತುವುದು ಸ್ವಲ್ಪ. ಹುಟ್ಟುವಾಗ ತಂದ ಕಬ್ಬಿಣದ ಸಂಗ್ರಹ ಆರು ತಿಂಗಳ ಹೊತ್ತಿಗೆ ಕರಗುತ್ತಾ ಬರುತ್ತದೆ. ಸೀರಿಯಲ್‌ಗೆ ಕಬ್ಬಿಣ ಸೇರಿಸಿರುತ್ತಾರೆ, ಅದರ ನಿಜವಾದ ಅನುಕೂಲ ಅದೇ. ರಾಗಿ ಸರಿಯನ್ನೇ ಆರಿಸಿಕೊಂಡರೆ ದಿನಕ್ಕೊಂದು ಹೊತ್ತು ನುಣ್ಣಗೆ ಮಸೆದ ಬೇಳೆ-ಸೊಪ್ಪು, ತಿನ್ನುವವರಾದರೆ ಮೊಟ್ಟೆ ಅಥವಾ ಮಾಂಸ ಸೇರಿಸಿ. ಸರಿಯ ಜೊತೆಗೆ ಹಾಲಿನ ಬದಲು ಕಿತ್ತಳೆ, ಪರಂಗಿಯಂಥ ಹಣ್ಣು ಕೊಟ್ಟರೆ ಕಬ್ಬಿಣ ಚೆನ್ನಾಗಿ ಹೀರಿಕೆಯಾಗುತ್ತದೆ. ಆರು ತಿಂಗಳಿಂದ ವಾರಕ್ಕೆರಡು ಸಲ 1 ಮಿಲಿಲೀಟರ್ ಕೊಡುವ ಸರ್ಕಾರಿ ಕಬ್ಬಿಣದ ಸಿರಪ್ಪನ್ನು ಆಶಾ ಕಾರ್ಯಕರ್ತೆಯರ ಹತ್ತಿರ ಕೇಳಿ ಪಡೆಯಿರಿ.

ಹೆಲ್ತ್ ಮಿಕ್ಸ್ ಮೊದಲ ಆಹಾರವಾಗಲು ಯೋಗ್ಯವಲ್ಲ ಅನ್ನುವುದು ನಮ್ಮ ಖಚಿತ ಅಭಿಪ್ರಾಯ. ಶೇಂಗಾ, ಗೋಡಂಬಿ, ಸೋಯಾ, ಗೋಧಿ ಎಲ್ಲ ಒಂದೇ ಚಮಚದಲ್ಲಿ ಹೋದರೆ, ಮೈಮೇಲೆ ದದ್ದು ಎದ್ದಾಗ ಕಾರಣ ಯಾವುದು ಅಂತ ಹೇಳಲಾಗದು. ಆ ಪದಾರ್ಥಗಳನ್ನು ಕೊಡಬಾರದು ಅಂತಲ್ಲ. ಒಂದೊಂದನ್ನೇ ಮೂರು ದಿನ ಬಿಟ್ಟು ಕೊಟ್ಟು ನೋಡಿದ ಮೇಲೆ, 9 ತಿಂಗಳ ಹೊತ್ತಿಗೆ, ಸಕ್ಕರೆ-ಮಾಲ್ಟ್ ಇಲ್ಲದ ಮಿಶ್ರಣ ಧಾರಾಳವಾಗಿ ಕೊಡಬಹುದು. ಬೀಜಗಳ ಎಣ್ಣೆ ಬೇಗ ಕೆಡುವುದರಿಂದ ಸಣ್ಣ ಪ್ಯಾಕೆಟ್ಟನ್ನೇ ಕೊಳ್ಳಿ. ಕಮಟು ವಾಸನೆ ಬಂದರೆ ಹುರಿದು ಉಳಿಸಿಕೊಳ್ಳಲು ಹೋಗಬೇಡಿ, ಎಸೆಯಿರಿ.

ನಮ್ಮ ಆಯ್ಕೆ ಹೀಗಿದೆ: ಮನೆಯಲ್ಲಿರುವ ದಿನ ಒಂದೇ ಪದಾರ್ಥದ ರಾಗಿ ಸರಿ, ಮೇಲೆ ಹೇಳಿದ ಅಳತೆಯಲ್ಲಿ. ಪ್ರಯಾಣಕ್ಕೆ, ಅಥವಾ ರಕ್ತಹೀನತೆ ಇದೆ ಅಂತ ಡಾಕ್ಟರು ಹೇಳಿದಾಗ, ಸೇರಿಸಿದ ಸಕ್ಕರೆ ಸೊನ್ನೆ ಇರುವ, ಹಣ್ಣಿನ ಪುಡಿ ಇಲ್ಲದ ಸೀರಿಯಲ್. ಇದನ್ನು ಕುದಿಸಿ ಆರಿಸಿದ ಬೆಚ್ಚನೆ ನೀರಿನಲ್ಲೇ ಕಲಸಬೇಕು. ಹಾಲಿನ ಪುಡಿ ಆಗಲೇ ಒಳಗಿರುವುದರಿಂದ ಹಾಲು ಬೆರೆಸಿದರೆ ಅತಿ ದಟ್ಟವಾಗುತ್ತದೆ. ಎಂಟು ತಿಂಗಳಾದ ಮೇಲೂ ನುಣ್ಣಗಿನ ಸೀರಿಯಲ್ಲಿಗೇ ಅಂಟಿಕೊಂಡಿರಬೇಡಿ. ಕೈಯಲ್ಲಿ ಹಿಸುಕಿದ ಅನ್ನ-ಬೇಳೆ, ಇಡ್ಲಿ ಚೂರು ಆಗಲೇ ತಟ್ಟೆಗೆ ಬರಬೇಕು, ಹತ್ತು ತಿಂಗಳು ದಾಟಿದ ಮೇಲೆ ಅಗಿಯುವುದನ್ನು ಕಲಿಸಹೊರಟರೆ ಮಗು ತುತ್ತನ್ನು ಹೊರದಬ್ಬುವುದೇ ಹೆಚ್ಚು.