ಹಳೆ ಕೋಡಿಗೆ ಚಾಟ್‌ಬಾಟ್: ಓದಿಸೋಕೆ ಸೈ, ತಿದ್ದಿಸೋಕೆ ಹುಷಾರು

ಹಳೆ ಕೋಡ್ ಅರ್ಥ ಮಾಡಿಕೊಳ್ಳಲು ಚಾಟ್‌ಬಾಟ್ ಬಳಸಲು ಶುರು ಮಾಡಿ ವರ್ಷದ ಮೇಲಾಯಿತು. ಬ್ರೌಸರಿನಲ್ಲಿ ತೆರೆದು, ಕೋಡ್ ಪೇಸ್ಟ್ ಮಾಡಿ ಕೇಳುವ ಮಾಮೂಲಿ ಬಗೆ. ಉಚಿತ ಪ್ಲಾನ್. ನಾನು ನೋಡಿಕೊಳ್ಳುವುದು ಒಂದು ಬಿಲ್ಲಿಂಗ್ ಸಾಫ್ಟ್‌ವೇರ್. ಪೈಥಾನ್ 2ರ ಕಾಲದಲ್ಲಿ ಬರೆದದ್ದು, ಆಮೇಲೆ ಹೇಗೋ 3ಕ್ಕೆ ತಂದು ನಿಲ್ಲಿಸಿದ್ದಾರೆ. ಬರೆದವರು ಯಾರೂ ಈಗ ಇಲ್ಲ. ಟೆಸ್ಟ್ ಇದೆಯಾ ಅಂತ ಕೇಳಲೇಬೇಡಿ.

ಮೊದಲು ಇಷ್ಟವಾದದ್ದು ಹೇಳುತ್ತೇನೆ. ಕೆಲಸ ಶುರು ಮಾಡುವ ಮುಂಚೆ ಒಂದು ಫಂಕ್ಷನ್ ಆರಿಸಿಕೊಳ್ಳುತ್ತೇನೆ, ಒಂದೇ ಒಂದು. ಅದರಲ್ಲಿ ಪಾಸ್‌ವರ್ಡು, ಗ್ರಾಹಕರ ಹೆಸರು ಏನಾದರೂ ಇದ್ದರೆ ತೆಗೆದು ಪೇಸ್ಟ್ ಮಾಡುತ್ತೇನೆ. ಪ್ರತಿ ಫಂಕ್ಷನ್ನಿಗೂ ಹೊಸ ಚಾಟ್. ಒಂದೇ ಚಾಟಿನಲ್ಲಿ ನಾಲ್ಕೈದು ಫಂಕ್ಷನ್ ತುಂಬಿದರೆ ಇದರ ವೇರಿಯಬಲ್ಲನ್ನು ಅದಕ್ಕೆ ಅಂಟಿಸಿ ಮಾತಾಡಲು ಶುರು ಮಾಡುತ್ತದೆ. ಒಂದರೊಳಗೊಂದು ಏಳು ಮಟ್ಟದ `if` ಇರುವ ಫಂಕ್ಷನ್ನು, `t`, `t1`, `tt` ಅನ್ನುವ ವೇರಿಯಬಲ್ಲುಗಳು, ಅರ್ಧ ಸಾಲು ಉದ್ದದ ರೆಗ್ಯುಲರ್ ಎಕ್ಸ್‌ಪ್ರೆಶನ್ನು, ಇವನ್ನೆಲ್ಲ ಬಿಡಿಸಿ ಹೇಳುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಮೊದಲು ಅರ್ಧ ದಿನ ಪೇಪರ್ ಮೇಲೆ ಗೀಚಿಕೊಂಡು ಕೂರುತ್ತಿದ್ದೆ. ಈಗ ಒಂದು ಟೀ ಮುಗಿಯುವಷ್ಟರಲ್ಲಿ ತಲೆಬುಡ ಗೊತ್ತಾಗುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ತಕರಾರು ಇರುವುದು "ಇದನ್ನು ಚೊಕ್ಕ ಮಾಡಿ ಕೊಡು" ಅಂದ ಮೇಲೆ ಏನಾಗುತ್ತದೆ ಅನ್ನುವುದರ ಬಗ್ಗೆ. ನಮ್ಮಲ್ಲಿ ಹೀಗೊಂದು ಫಂಕ್ಷನ್ ಇತ್ತು:

```python
def round2(x):
    return int(x * 100 + 0.5) / 100.0
```

ಎರಡು ದಶಮಾಂಶಕ್ಕೆ ರೌಂಡ್ ಮಾಡುತ್ತದೆ ಅಂತ ಬಾಟ್ ವಿವರಿಸಿತು. ಪೈಥಾನಿನಲ್ಲೇ ಇದಕ್ಕೆ ಫಂಕ್ಷನ್ ಇದೆ ಅಂತ `round(value, 2)` ಹಾಕಿ, ಉದ್ದದ ಹೆಸರಿಟ್ಟು, ಚೆಂದದ ಡಾಕ್‌ಸ್ಟ್ರಿಂಗ್ ಬರೆದು, ಕೊನೆಗೆ "ನಡವಳಿಕೆ ಬದಲಾಗಿಲ್ಲ" ಅಂತಲೂ ಸೇರಿಸಿತು. ಬದಲಾಗಿದೆ. 0.125 ಕೊಟ್ಟು ನೋಡಿ. ಹಳೆಯದು 0.13 ಕೊಡುತ್ತದೆ, ಪೈಥಾನ್ 3ರ `round` 0.12 ಕೊಡುತ್ತದೆ. ಸರಿಯಾಗಿ ನಡುವೆ ಬಿದ್ದ ಸಂಖ್ಯೆಯನ್ನು ಪೈಥಾನ್ 3 ಸಮ ಅಂಕಿಯ ಕಡೆಗೆ ತಳ್ಳುತ್ತದೆ, ಅದಕ್ಕೆ.

ಇದು ಸಣ್ಣ ವಿಷಯ. ದೊಡ್ಡದು ಮೈನಸ್ ಸಂಖ್ಯೆಯಲ್ಲಿದೆ. `int` ಅನ್ನುವುದು ಸೊನ್ನೆಯ ಕಡೆಗೆ ಕತ್ತರಿಸುತ್ತದೆ. ಹಾಗಾಗಿ `round2(-5)` ಅಂದರೆ -500ಕ್ಕೆ 0.5 ಕೂಡಿಸಿ -499.5, ಕತ್ತರಿಸಿದರೆ -499, ಉತ್ತರ -4.99. ಐದಕ್ಕೆ ಐದು ಕೊಡದ ರೌಂಡಿಂಗ್! ಹಾಗಾದರೆ ಇಷ್ಟು ವರ್ಷ ರಿಫಂಡ್ ಎಲ್ಲ ತಪ್ಪು ಹೋಗಿರಬೇಕಲ್ವಾ? ಹೋಗಿಲ್ಲ. ಯಾಕೆಂದರೆ ಬೇರೆ ಫೈಲಿನಲ್ಲಿ, ರಿಫಂಡ್ ಲೆಕ್ಕ ಹಾಕುವ ಕಡೆ, ಯಾರೋ ಪುಣ್ಯಾತ್ಮರು ಹೀಗೆ ಬರೆದಿಟ್ಟಿದ್ದರು:

```python
if amt < 0:
    amt = round2(amt) - 0.01
```

-4.99ರಿಂದ 0.01 ಕಳೆದರೆ -5. ಒಂದು ಸೊಟ್ಟಕ್ಕೆ ಇನ್ನೊಂದು ಸೊಟ್ಟ ಆಸರೆ. ಈಗ ಬಾಟ್ ಕೊಟ್ಟ ಚೊಕ್ಕ ಫಂಕ್ಷನ್ ಹಾಕಿದರೆ ಇದೇ ಜಾಗದಲ್ಲಿ -5.01 ಬರುತ್ತದೆ. ಪ್ರತಿ ರಿಫಂಡಿನಲ್ಲೂ.

ನನಗೆ ಜಾಸ್ತಿ ಸಿಟ್ಟು ಬಂದದ್ದು ಈ ಎರಡನೆಯ ತುಂಡನ್ನು ಅದು ವಿವರಿಸಿದ ರೀತಿಗೆ. ಬೇರೆ ಚಾಟಿನಲ್ಲಿ ಇದೊಂದನ್ನೇ ಕೊಟ್ಟು ಕೇಳಿದೆ. ರಿಫಂಡ್ ಮೇಲೆ ಸಣ್ಣ ಶುಲ್ಕ ಹಿಡಿಯುತ್ತಿದ್ದಾರೆ ಅಂತ ಹೇಳಿತು. "ಇರಬಹುದು" ಅನ್ನಲಿಲ್ಲ, "ಇದೆ" ಅಂತಲೇ ಹೇಳಿತು. ಕೋಡಿನಲ್ಲಿ ಶುಲ್ಕದ ಸುಳಿವೇ ಇಲ್ಲ. ಶುಲ್ಕವೇ ಆಗಿದ್ದರೆ ಕೈಗೆ ಸಿಗುವ ಮೊತ್ತ ಕಮ್ಮಿ ಆಗಬೇಕು, ಇಲ್ಲಿ ಮೈನಸ್ಸಿನಿಂದ ಕಳೆದು ಜಾಸ್ತಿ ಆಗುತ್ತಿದೆ. ಕೋಡ್ ಏನು ಮಾಡುತ್ತದೆ ಅನ್ನುವುದು ಎದುರಿಗಿದೆ, ಅದನ್ನು ಬಾಟ್ ಓದಿ ಹೇಳಬಲ್ಲದು. ಯಾಕೆ ಹಾಗೆ ಬರೆದರು ಅನ್ನುವುದು ಕೋಡಿನಲ್ಲಿ ಇರುವುದಿಲ್ಲ. ಇಲ್ಲದ್ದನ್ನು ಕೇಳಿದರೆ ಒಪ್ಪುವಂಥ ಕತೆ ಕಟ್ಟುತ್ತದೆ, ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತದೆ. ಆ ವಿವರಣೆಯನ್ನು ಕಾಮೆಂಟ್ ಮಾಡಿ ಹಾಕಿಬಿಟ್ಟರೆ ಮುಂದೆ ಬರುವವರಿಗೆ ಅದೇ ಸತ್ಯ. ಹಾಗಾಗಿ ಯಾಕೆ ಅನ್ನುವ ಪ್ರಶ್ನೆಗೆ ನಾನು ಈಗ ಗಿಟ್ ಹತ್ತಿರ ಹೋಗುತ್ತೇನೆ:

```
git log -L :round2:utils.py
```

ಆ ಫಂಕ್ಷನ್ ಮುಟ್ಟಿದ ಕಮಿಟ್ಟುಗಳನ್ನೆಲ್ಲ ಸಾಲಾಗಿ ತೋರಿಸುತ್ತದೆ. ಕಮಿಟ್ ಸಂದೇಶದಲ್ಲಿ ಬರೀ "ಫಿಕ್ಸ್" ಅಂತ ಇದ್ದರೂ, ಅದರ ಜೊತೆಗೆ ಇನ್ಯಾವ ಫೈಲ್ ಬದಲಾಗಿದೆ ಅಂತ ನೋಡಿದರೆ ಕತೆ ಗೊತ್ತಾಗುತ್ತದೆ.

ಇಷ್ಟು ಬೈದರೂ ಬಿಟ್ಟಿಲ್ಲ. ಕೇಳುವ ರೀತಿ ಬದಲಿಸಿದ ಮೇಲೆ ಮತ್ತೆ ಒಂದಿಷ್ಟು ಪ್ರೀತಿ ಹುಟ್ಟಿದೆ. ಮೊದಲನೆಯದು, ಫಂಕ್ಷನ್ನಿನ ಹೆಸರು ತೆಗೆದು ಬರೀ `f` ಅಂತ ಇಟ್ಟು ಕೇಳುವುದು. `round2` ಅಂತ ಕಂಡರೆ ಬಾಟ್ ಹೆಸರನ್ನು ನಂಬಿ ಅದಕ್ಕೆ ತಕ್ಕ ಉತ್ತರ ಕೊಡುತ್ತದೆ. `f` ಅಂತ ಕೊಟ್ಟಾಗ ಒಳಗಿನ ಲೆಕ್ಕವನ್ನೇ ಓದಬೇಕಾಯಿತು, ಮೈನಸ್ ಸಂಖ್ಯೆಗೆ ಬೇರೆ ಥರ ಆಗುತ್ತದೆ ಅಂತ ತಾನಾಗಿ ಹೇಳಿತು. ಪ್ರತಿ ಸಲ ಕೆಲಸ ಮಾಡುತ್ತೆ ಅಂತಲ್ಲ, ಆದರೆ ಎರಡು ಉತ್ತರ ಬೇರೆ ಬೇರೆ ಬಂದರೆ ಅಲ್ಲೇ ಏನೋ ಇದೆ ಅಂತ ಅರ್ಥ.

ಎರಡನೆಯದು, ತಿದ್ದಿದ ಕೋಡ್ ಬೇಡ, ಹಳೆಯದನ್ನೂ ಹೊಸದನ್ನೂ ಎದುರುಬದುರು ಓಡಿಸುವ ಸ್ಕ್ರಿಪ್ಟ್ ಕೊಡು ಅನ್ನುವುದು. ಇದನ್ನು ಅದು ಸೊಗಸಾಗಿ ಬರೆಯುತ್ತದೆ:

```python
for n in range(-2000, 2001):
    x = n / 1000
    if round2(x) != new(x):
        print(x, round2(x), new(x))
```

ಓಡಿಸಿದರೆ ಮೈನಸ್ ಕಡೆಯ ಸಂಖ್ಯೆಗಳು ರಾಶಿ ರಾಶಿ ಉದುರುತ್ತವೆ. ಸೊನ್ನೆಯ ಒಂದು ಪಕ್ಕ ಹೆಚ್ಚುಕಡಿಮೆ ಪೂರ್ತಿ ತುಂಬಿ, ಇನ್ನೊಂದು ಪಕ್ಕ ಅಲ್ಲೊಂದು ಇಲ್ಲೊಂದು ಬಂದರೆ ಸಾಕು, ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತದೆ. ಆದರೆ ನೀವೇ ಓಡಿಸಬೇಕು. "ಇದರ ಔಟ್‌ಪುಟ್ ಏನು ಬರುತ್ತೆ" ಅಂತ ಬಾಟನ್ನೇ ಕೇಳಿದರೆ ಸುಮ್ನೆ ಊಹೆ ಮಾಡಿ ಅಂಕಿ ಬರೆದುಕೊಡುವುದೂ ಉಂಟು.

ಕೊನೆಗೆ ನಮ್ಮಲ್ಲಿ ಎರಡು ತುಂಡನ್ನೂ ಒಂದೇ ಕಮಿಟ್ಟಿನಲ್ಲಿ ತೆಗೆದು `Decimal` ಹಾಕಿದೆವು, `ROUND_HALF_UP` ಜೊತೆಗೆ. ಹೆಸರು ಹಾಗಿದ್ದರೂ ಮೈನಸ್ ಸಂಖ್ಯೆಯ ನಡುವೆ ಬಿದ್ದದ್ದನ್ನು ಅದು ಸೊನ್ನೆಯಿಂದ ಆಚೆಗೆ ತಳ್ಳುತ್ತದೆ, ನಮಗೆ ಬೇಕಿದ್ದದ್ದೂ ಅದೇ. ಆಗಲೂ ಪೂರ್ತಿ ಹೊಂದಲಿಲ್ಲ. 1.005ಕ್ಕೆ ಹಳೆ ಕೋಡ್ 1.0 ಕೊಡುತ್ತಿತ್ತು, ಯಾಕೆಂದರೆ ನೂರರಿಂದ ಗುಣಿಸಿದಾಗ ಫ್ಲೋಟಿನಲ್ಲಿ 100.5 ಬಾರದೆ 100.49999999999999 ಬರುತ್ತದೆ. ಸ್ಟ್ರಿಂಗ್ ಮಾಡಿ `Decimal`ಗೆ ಕೊಟ್ಟರೆ 1.01. ಯಾವುದು ಇರಲಿ ಅಂತ ಅಕೌಂಟ್ಸ್‌ನವರನ್ನು ಕೇಳಿ ತೀರ್ಮಾನ ಮಾಡಿದ್ದಾಯಿತು.

ಹಣ ಕೊಡುವ ಪ್ಲಾನ್ ತೆಗೆದುಕೊಳ್ಳಬೇಕಾ? ಎಡಿಟರ್ ಒಳಗೇ ಕೂತು ಇಡೀ ಫೋಲ್ಡರ್ ಹುಡುಕುವಂಥದ್ದು ಸಿಕ್ಕರೆ, `round2` ಎಲ್ಲೆಲ್ಲಿ ಕರೆಯುತ್ತಾರೆ ಅಂತ ಅದೇ ನೋಡಬಹುದು, ಆಗ ಯೋಚಿಸಬಹುದು. ನಮ್ಮ ಆಫೀಸಿನಲ್ಲಿ ಇಡೀ ಕೋಡನ್ನು ಹೊರಗೆ ಕಳಿಸುವಂತಿಲ್ಲ. ಹಾಗಾಗಿ ನಾನು `grep` ಹಾಕಿ, ಕರೆಯುವ ಸಾಲುಗಳನ್ನು ಫಂಕ್ಷನ್ ಜೊತೆಗೇ ಪೇಸ್ಟ್ ಮಾಡುತ್ತೇನೆ. ಅಷ್ಟಕ್ಕೆ ಉಚಿತದ್ದೇ ಸಾಕು. ಐದಕ್ಕೆ ಮೂರೂವರೆ.