ಒಳ್ಳೆಯ ದೀಪ, ಕೆಟ್ಟ ಡೆಲಿವರಿ: ನಾಲ್ಕು ಸ್ಟಾರ್ ಕೊಟ್ಟೂ ಕೆಟ್ಟೆ, ಐದು ಕೊಟ್ಟೂ ಕೆಟ್ಟೆ

ಆನ್‌ಲೈನ್‌ನಲ್ಲಿ ವಸ್ತು ತರಿಸಿಕೊಂಡು, ವಸ್ತು ಚೆನ್ನಾಗಿದ್ದು, ಅದು ಬಂದ ರೀತಿ ಮಾತ್ರ ಕೆಟ್ಟದಾಗಿದ್ದರೆ ಎಷ್ಟು ಸ್ಟಾರ್ ಕೊಡಬೇಕು? ಇದು ಅರ್ಧ ನಿಮಿಷದ ಕೆಲಸ ಎಂದುಕೊಂಡಿದ್ದೆ. ಆ ಅರ್ಧ ನಿಮಿಷದಲ್ಲಿ ನಾನು ಮಾಡಿದ ತಪ್ಪಿನಿಂದ ಒಬ್ಬ ಸಹೋದ್ಯೋಗಿಯ ಹಣವೂ ಸಮಯವೂ ಹಾಳಾದವು. ನೀವೂ ಹಾಗೆ ಮಾಡಬಾರದೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ತರಿಸಿದ್ದು ಓದುವ ಮೇಜಿಗೆ ಕಚ್ಚಿಸುವ ಒಂದು ದೀಪ. 3ನೇ ತಾರೀಖು ಆರ್ಡರ್ ಮಾಡಿದೆ, 8ಕ್ಕೆ ಬರುತ್ತದೆ ಎಂದು ಪುಟ ಹೇಳಿತ್ತು. 4ನೇ ತಾರೀಖೇ ‘ರವಾನೆಯಾಗಿದೆ’ ಎಂಬ ಸಂದೇಶ ಬಂದು ಖುಷಿಯೂ ಆಯಿತು. 8 ಕಳೆಯಿತು, 10 ಕಳೆಯಿತು. ಮಾರಾಟಗಾರನಿಗೆ ಬರೆದರೆ, ‘ಕೊರಿಯರ್‌ನವರ ಕಡೆಯಿಂದ ವಿಳಂಬ, ದಯವಿಟ್ಟು ಸಹಕರಿಸಿ’ ಎಂಬ ಉತ್ತರ. ಎರಡನೆಯ ಸಲ ಬರೆದಾಗಲೂ ಅಕ್ಷರ ಬದಲಾಗದೆ ಅದೇ ಉತ್ತರ. 13ರಂದು ಪಾರ್ಸೆಲ್ ಬಂತು. ದೀಪದ ಕಂಪನಿ ಅಂಗಡಿಯಲ್ಲಿ ಜೋಡಿಸಿಡಲೆಂದು ಮಾಡಿದ ತೆಳು ಪೆಟ್ಟಿಗೆಯ ಮೇಲೆಯೇ ವಿಳಾಸದ ಚೀಟಿ ಅಂಟಿಸಿದ್ದರು. ಹೊರಗೆ ಇನ್ನೊಂದು ರಟ್ಟಿನ ಪೆಟ್ಟಿಗೆ ಇಲ್ಲ, ಗುಳ್ಳೆಗಳ ಪ್ಲಾಸ್ಟಿಕ್ ಹಾಳೆ ಇಲ್ಲ. ಒಂದು ಮೂಲೆ ಒಳಕ್ಕೆ ಕುಸಿದು, ಟೇಪ್ ಬಿಟ್ಟುಕೊಂಡು, ತಂತಿಯ ತುದಿ ಹೊರಗೆ ಇಣುಕುತ್ತಿತ್ತು.

ಆದರೆ ದೀಪ? ಅದೃಷ್ಟಕ್ಕೆ ಏನೂ ಆಗಿರಲಿಲ್ಲ. ಬೆಳಕು ಮಿನುಗುವುದಿಲ್ಲ, ಕಣ್ಣಿಗೆ ಚುಚ್ಚುವುದಿಲ್ಲ. ಕತ್ತನ್ನು ಎಲ್ಲಿ ಬಾಗಿಸಿದರೆ ಅಲ್ಲೇ ನಿಲ್ಲುತ್ತದೆ, ಅರ್ಧ ಗಂಟೆಯ ನಂತರ ಮೆಲ್ಲಗೆ ತಲೆ ತಗ್ಗಿಸುವುದಿಲ್ಲ. ಇಂಥ ದೀಪ ಬಳಸಿದವರಿಗೆ ಇದು ಎಷ್ಟು ಅಪರೂಪದ ಗುಣವೆಂದು ಗೊತ್ತಿರುತ್ತದೆ.

ಅಂದೇ ಸಂಜೆ ‘ವಿಮರ್ಶೆ ಬರೆಯಿರಿ’ ಎಂಬ ಕೊಂಡಿ ಬಂತು. ಸಿಟ್ಟು ಇನ್ನೂ ಆರಿರಲಿಲ್ಲ. ದೀಪಕ್ಕೆ ಐದು, ಡೆಲಿವರಿಗೆ ಮೈನಸ್ ಒಂದು ಎಂದು ಲೆಕ್ಕ ಹಾಕಿ ನಾಲ್ಕು ಒತ್ತಿದೆ. ಕೆಳಗೆ ತಡವಾದದ್ದು, ಪೆಟ್ಟಿಗೆ ಕುಸಿದದ್ದು, ಉತ್ತರ ಕೊಟ್ಟ ವೈಖರಿ ಎಲ್ಲವನ್ನೂ ಬರೆದೆ. ಮರುದಿನ ವಿಮರ್ಶೆ ತಿರಸ್ಕೃತವಾಗಿತ್ತು. ಈ ಜಾಗ ವಸ್ತುವಿಗೆ ಮೀಸಲು, ಮಾರಾಟಗಾರ ಮತ್ತು ಸಾಗಣೆಯ ವಿಷಯ ಇಲ್ಲಿ ಬೇಡ ಎಂಬುದು ಕಾರಣ. ‘ಮಾರಾಟಗಾರನಿಗೆ ರೇಟಿಂಗ್ ಬೇರೆಡೆ ಕೊಡಿ’ ಎಂಬ ಸಾಲೂ ಅದರ ಕೊಂಡಿಯೂ ಅದರಲ್ಲಿದ್ದವು. ಅದನ್ನು ಓದಿದೆ, ಆದರೆ ಹೋಗಲಿಲ್ಲ. ಸೋಮಾರಿತನ, ಅಷ್ಟೇ. ಡೆಲಿವರಿಯ ಸಾಲುಗಳನ್ನು ಅಳಿಸಿ, ‘ದೀಪ ಚೆನ್ನಾಗಿದೆ’ ಎಂಬ ಎರಡು ಪದ ಉಳಿಸಿ, ನಾಲ್ಕು ಸ್ಟಾರನ್ನು ಹಾಗೆಯೇ ಬಿಟ್ಟು ಮತ್ತೆ ಕಳುಹಿಸಿದೆ. ಈ ಸಲ ಒಪ್ಪಿಕೊಂಡರು.

ಒಂದು ವಾರದ ನಂತರ ಸಹೋದ್ಯೋಗಿಯೊಬ್ಬರು ಅದೇ ದೀಪ ನೋಡುತ್ತಿದ್ದೇನೆಂದು ನನ್ನ ಬಳಿ ಬಂದರು. ‘ನೀವು ಚೆನ್ನಾಗಿದೆ ಎಂದು ಬರೆದಿದ್ದೀರಿ ಸರ್, ಆದರೆ ಒಂದು ಸ್ಟಾರ್ ಎಲ್ಲಿ ಹೋಯಿತು? ಬೆಳಕು ಮಿನುಗುತ್ತದೆಯೇ? ಕತ್ತು ಸಡಿಲವೇ?’ ಎಂದು ಕೇಳಿದರು. ನನಗೆ ನಾಚಿಕೆಯಾಯಿತು. ನಾನು ಕಡಿದ ಸ್ಟಾರು ಡೆಲಿವರಿಯದು. ಓದುವವರಿಗೆ ಅದು ತಿಳಿಯುವುದು ಹೇಗೆ? ದೀಪದ ಪುಟದಲ್ಲಿ ಒಂದು ಸ್ಟಾರ್ ಕಡಿಮೆಯಿದ್ದರೆ ದೀಪದಲ್ಲೇ ಏನೋ ಐಬಿದೆ ಎಂದು ಯಾರಾದರೂ ಓದಿಕೊಳ್ಳುತ್ತಾರೆ. ಇದಕ್ಕಿಂತ ಅನ್ಯಾಯದ ಸಂಗತಿ ಇನ್ನೊಂದಿತ್ತು. ಆ ಪುಟದಲ್ಲಿ ಒಂದೇ ದೀಪವನ್ನು ನಾಲ್ಕು ಮಾರಾಟಗಾರರು ಮಾರುತ್ತಿದ್ದರು. ಇಂಥ ತಾಣಗಳಲ್ಲಿ ಒಂದು ವಸ್ತುವಿಗೆ ಒಂದೇ ಪುಟ. ಯಾರಿಂದ ಕೊಂಡರೂ ಸ್ಟಾರ್ ಬೀಳುವುದು ಆ ಒಂದೇ ಹುಂಡಿಗೆ. ಹಾಗಾಗಿ ನಾನು ಕಡಿದದ್ದು ಸಮಯಕ್ಕೆ ಸರಿಯಾಗಿ ಕಳುಹಿಸುವ ಉಳಿದ ಮೂವರಿಗೂ ತಟ್ಟಿತು. ತಪ್ಪು ಮಾಡಿದವನ ಸ್ವಂತ ರೇಟಿಂಗ್ ಬೇರೆ ಕಡೆ, ಅವನ ಹೆಸರಿನ ಕೆಳಗೆ, ಒಂದು ಗೀರೂ ಬೀಳದೆ ಹೊಳೆಯುತ್ತಿತ್ತು.

ಅದೇ ಹೊತ್ತಿಗೆ ಮಾರಾಟಗಾರನ ಸಂದೇಶ ಬಂತು. ಅನನುಕೂಲಕ್ಕೆ ವಿಷಾದವಿದೆ, ವಿಮರ್ಶೆಯನ್ನು ಐದಕ್ಕೆ ಬದಲಾಯಿಸಿ ಅದರ ಚಿತ್ರ ಕಳುಹಿಸಿದರೆ ಸಾಗಣೆ ಶುಲ್ಕ ವಾಪಸ್ ಕೊಡುತ್ತೇವೆ ಎಂದು. ಇದರಲ್ಲಿ ಏನು ತಪ್ಪು, ದೀಪಕ್ಕೆ ಐದೇ ಸಲ್ಲಬೇಕಲ್ಲವೇ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ. ಐದು ಮಾಡಿದೆ, ಚಿತ್ರ ಕಳುಹಿಸಿದೆ. ಹಣ ಬರಲಿಲ್ಲ, ಆಮೇಲೆ ಉತ್ತರವೂ ಬರಲಿಲ್ಲ. ಎಚ್ಚರಿಕೆ ಎಂದರೆ ಮುಖ್ಯವಾಗಿ ಇದೇ: ಸ್ಟಾರ್ ಹೆಚ್ಚಿಸಿದರೆ ಹಣ ಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ದೊಡ್ಡ ತಾಣಗಳ ನಿಯಮಗಳಲ್ಲಿ ಇಂಥ ಆಮಿಷಕ್ಕೆ ನಿಷೇಧವಿದೆ. ಹಾಗೆ ಬರೆದ ವಿಮರ್ಶೆಯನ್ನು ತೆಗೆದುಹಾಕುವ ಅಧಿಕಾರ ತಾಣಕ್ಕಿರುತ್ತದೆ, ಹಣ ಕೊಡಿಸುವ ಹೊಣೆ ಮಾತ್ರ ಯಾರಿಗೂ ಇರುವುದಿಲ್ಲ. ನಿಜವಾಗಿ ತಪ್ಪು ತಿದ್ದಿಕೊಳ್ಳಲು ಬಯಸುವವರು ಮೊದಲು ಹಣ ಕೊಡುತ್ತಾರೆ, ಸ್ಟಾರಿನ ಮಾತು ಎತ್ತುವುದಿಲ್ಲ.

ಇನ್ನೂ ಕೆಟ್ಟದ್ದು ನಡೆದದ್ದು ಆಮೇಲೆ. ನಾಲ್ಕು ಐದಾದದ್ದನ್ನು ನೋಡಿ ಸಹೋದ್ಯೋಗಿ ಆರ್ಡರ್ ಮಾಡಿದರು. ಪುಟ ತೆರೆದಾಗ ತಾನಾಗಿಯೇ ಮೇಲೆ ಬರುವ ಮಾರಾಟಗಾರನಿಂದ, ಅಂದರೆ ಅದೇ ಮನುಷ್ಯನಿಂದ. ಅವರದೂ ತಡವಾಗಿ, ಅದೇ ಬರಿಯ ತೆಳು ಪೆಟ್ಟಿಗೆಯಲ್ಲಿ ಬಂತು. ನನ್ನ ಅದೃಷ್ಟ ಅವರಿಗಿರಲಿಲ್ಲ, ಮೇಜಿಗೆ ಕಚ್ಚುವ ಹಿಡಿ ಮುರಿದಿತ್ತು. ‘ಪೆಟ್ಟಿಗೆಯ ವಿಷಯ ನನಗಾದರೂ ಹೇಳಬಹುದಿತ್ತಲ್ಲ’ ಎಂದರು. ಕೋಪದಿಂದಲ್ಲ, ಸುಮ್ಮನೆ. ಕೋಪ ಮಾಡಿಕೊಂಡಿದ್ದರೆ ಸಹಿಸಬಹುದಿತ್ತು.

ಆಗ ಕುಳಿತು ನನ್ನ ಪಾರ್ಸೆಲ್ಲಿನ ಟ್ರ್ಯಾಕಿಂಗ್ ವಿವರವನ್ನು ಮೊದಲ ಬಾರಿಗೆ ಸಾಲು ಸಾಲಾಗಿ ಓದಿದೆ. 4ನೇ ತಾರೀಖು: ಚೀಟಿ ಸಿದ್ಧವಾಗಿದೆ. 11ನೇ ತಾರೀಖು: ಕೊರಿಯರ್ ಪಾರ್ಸೆಲ್ ಪಡೆದುಕೊಂಡಿದೆ. 13: ತಲುಪಿಸಲಾಗಿದೆ. ಕೊರಿಯರ್‌ನವರು ತೆಗೆದುಕೊಂಡದ್ದು ಬರಿ ಎರಡು ದಿನ. ಏಳು ದಿನ ದೀಪ ಮಾರಾಟಗಾರನ ಕೋಣೆಯಲ್ಲೇ ಇತ್ತು. ವಿಳಾಸದ ಚೀಟಿ ಮುದ್ರಿಸಿದ ಕ್ಷಣಕ್ಕೆ ‘ರವಾನೆಯಾಗಿದೆ’ ಎಂದು ಗುರುತು ಹಾಕಿಕೊಂಡರೆ ದಾಖಲೆಯಲ್ಲಿ ಕಳುಹಿಸಿದಂತೆ ಕಾಣುತ್ತದೆ. ಅದಕ್ಕೇ ಆ ಸಂದೇಶದಿಂದ ಏನನ್ನೂ ನಿರ್ಧರಿಸಬೇಡಿ. ಚೀಟಿ ಸಿದ್ಧವಾದ ದಿನಕ್ಕೂ ಕೊರಿಯರ್ ಮೊದಲ ಸಲ ಸ್ಕ್ಯಾನ್ ಮಾಡಿದ ದಿನಕ್ಕೂ ನಡುವೆ ಎಷ್ಟು ಅಂತರವಿದೆ ನೋಡಿ. ಆ ಅಂತರ ದೊಡ್ಡದಿದ್ದರೆ ಸಾಮಾನ್ಯವಾಗಿ ತಪ್ಪು ಮಾರಾಟಗಾರನದು. ಕೊರಿಯರ್ ಗಾಡಿಯೇ ಬರದೆ ಹೀಗಾಗುವುದೂ ಉಂಟು, ಆದರೆ ಅದು ಒಂದೆರಡು ದಿನ, ಏಳು ದಿನವಲ್ಲ. ಮೊದಲ ಸ್ಕ್ಯಾನ್ ಬೇಗ ಆಗಿ, ನಂತರ ಪಾರ್ಸೆಲ್ ಯಾವುದೋ ಕೇಂದ್ರದಲ್ಲಿ ಕೊಳೆಯುತ್ತಾ ಬಿದ್ದಿದ್ದರೆ ಮಾರಾಟಗಾರನ ಸ್ಟಾರ್ ಕಡಿಯುವುದು ನ್ಯಾಯವಲ್ಲ. ಪ್ಯಾಕಿಂಗ್ ಕಟ್ಟಿದವರ ಹೊಣೆ. ಆದರೆ ವಸ್ತು ತಾಣದ ಗೋದಾಮಿನಿಂದಲೇ ಹೊರಟಿದ್ದರೆ ಕಟ್ಟಿದ್ದೂ ಕಳುಹಿಸಿದ್ದೂ ತಾಣದವರೇ. ಯಾರು ಮಾರಿದರು, ಯಾರು ರವಾನಿಸಿದರು ಎಂಬುದು ಆರ್ಡರ್ ವಿವರದಲ್ಲಿ ಸಾಮಾನ್ಯವಾಗಿ ಬೇರೆ ಬೇರೆಯಾಗಿ ಇರುತ್ತದೆ.

ಸಾಕ್ಷಿ ಕೈಯಲ್ಲಿ ಹಿಡಿದು ಮಾರಾಟಗಾರನ ರೇಟಿಂಗ್ ಪುಟಕ್ಕೆ ಹೋದೆ. ಅವಧಿ ಮುಗಿದಿತ್ತು. ವಸ್ತುವಿನ ವಿಮರ್ಶೆಯನ್ನು ನಾನು ಈಗಲೂ ತಿದ್ದಬಹುದು, ಮಾರಾಟಗಾರನಿಗೆ ರೇಟಿಂಗ್ ಕೊಡಲು ಮಾತ್ರ ಆರ್ಡರ್ ದಿನದಿಂದ ಲೆಕ್ಕ ಹಾಕಿದ ಗಡುವು. ತಿರಸ್ಕಾರದ ಪತ್ರದಲ್ಲೇ ಇದ್ದ ಆ ಕೊಂಡಿಯನ್ನು ಅಂದೇ ಒತ್ತಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು.

ಹೀಗೆ ಪೆಟ್ಟು ತಿಂದ ಮೇಲೆ, ಎರಡು ಜಾಗಗಳಿರುವ ತಾಣದಲ್ಲಿ ನಾಲ್ಕೋ ಐದೋ ಎಂಬ ಪ್ರಶ್ನೆಯೇ ಇಲ್ಲವೆಂದು ನನಗೆ ಅನಿಸಿದೆ. ದೀಪ ಐದಕ್ಕೆ ತಕ್ಕದ್ದಾದರೆ ದೀಪದ ಪುಟದಲ್ಲಿ ಐದು. ಮಾರಾಟಗಾರನ ಪುಟದಲ್ಲಿ ಎರಡು, ಜೊತೆಗೆ ತಾರೀಖುಗಳು. ‘ತುಂಬಾ ತಡ’ ಎಂದು ಬರೆದರೆ ಅದು ಗೊಣಗಾಟ. ‘4ಕ್ಕೆ ಚೀಟಿ, 11ಕ್ಕೆ ಕೊರಿಯರ್ ಕೈಗೆ, ಹೊರಪೆಟ್ಟಿಗೆ ಇಲ್ಲ’ ಎಂದು ಬರೆದರೆ ಮುಂದಿನವರು ಆ ಹೆಸರು ಬಿಟ್ಟು ಅದೇ ದೀಪವನ್ನು ಇನ್ನೊಬ್ಬರಿಂದ ಕೊಳ್ಳುತ್ತಾರೆ.

ಒಂದೇ ಜಾಗವಿರುವ ಕಡೆ ಮಾತು ಬೇರೆ. ಮಾಡುವವರೂ ಮಾರುವವರೂ ಕಳುಹಿಸುವವರೂ ಒಬ್ಬರೇ ಆಗಿರುವ ಕೈಕೆಲಸದ ತಾಣಗಳಲ್ಲಿ ನಾಲ್ಕು ಕೊಡುವುದು ಪ್ರಾಮಾಣಿಕವೇ, ಕಾರಣ ಮೊದಲ ವಾಕ್ಯದಲ್ಲೇ ಇದ್ದರೆ. ಆದರೆ ಅಲ್ಲಿ ನಾಲ್ಕರ ತೂಕ ಎಷ್ಟೆಂದು ತಿಳಿದಿರಲಿ. ಎಟ್ಸಿ ಎಂಬ ಕೈಕೆಲಸದ ತಾಣದಲ್ಲಿ ಉತ್ತಮ ಮಾರಾಟಗಾರರಿಗೆ ಕೊಡುವ ಬ್ಯಾಡ್ಜ್‌ಗೆ ಸರಾಸರಿ 4.8 ಸ್ಟಾರ್ ಬೇಕು. ಒಬ್ಬರು ನಾಲ್ಕು ಸ್ಟಾರ್ ಕೊಟ್ಟರೆ ಅದನ್ನು 4.8ಕ್ಕೆ ಸರಿದೂಗಿಸಲು ಇನ್ನು ನಾಲ್ವರು ಐದು ಸ್ಟಾರ್ ಕೊಡಬೇಕು. ಒಬ್ಬರು ಮೂರು ಕೊಟ್ಟರೆ ಒಂಬತ್ತು ಜನ ಐದು ಕೊಡಬೇಕು. ನಮ್ಮ ಶಾಲೆಯ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಎಂದರೆ ಒಳ್ಳೆಯ ಅಂಕ, ಅವರ ಲೆಕ್ಕದಲ್ಲಿ ಅದು ಪೆಟ್ಟು. ಅದಕ್ಕೇ ಇಂಥ ಕಡೆ ನಾನು ಮೊದಲು ಮಾರಾಟಗಾರರಿಗೆ ಬರೆಯುತ್ತೇನೆ, ಎರಡು ದಿನ ಕಾಯುತ್ತೇನೆ. ತಪ್ಪು ಒಪ್ಪಿಕೊಂಡು ಸರಿಪಡಿಸಿದರೆ ಐದು ಕೊಟ್ಟು, ತಡವಾದದ್ದನ್ನೂ ಸರಿಪಡಿಸಿದ್ದನ್ನೂ ಬರೆಯುತ್ತೇನೆ. ಅದೇ ಸಿದ್ಧ ಉತ್ತರ ಎರಡು ಸಲ ಬಂದರೆ ನಾಲ್ಕು, ಯಾವ ಅಳುಕೂ ಇಲ್ಲದೆ.

ದೀಪದ ಪುಟದಲ್ಲಿ ನನ್ನ ಐದು ಹಾಗೆಯೇ ಇದೆ, ಅದು ಸರಿಯಾದ ಸಂಖ್ಯೆಯೇ. ಎರಡು ಪದದ ಜಾಗದಲ್ಲಿ ಬೆಳಕು, ಕತ್ತು, ಹಿಡಿಯ ಬಗ್ಗೆ ಆರು ಸಾಲು ಬರೆದಿದ್ದೇನೆ. ಹಣದ ಆಮಿಷದ ಸಂದೇಶವನ್ನು ಚಿತ್ರದೊಂದಿಗೆ ತಾಣಕ್ಕೆ ವರದಿ ಮಾಡಿದ್ದೇನೆ, ಐದು ಮಾಡಿದವನು ನಾನೇ ಎಂಬುದನ್ನೂ ಸೇರಿಸಿ. ಸಹೋದ್ಯೋಗಿ ಮುರಿದದ್ದನ್ನು ಹಿಂತಿರುಗಿಸಿ, ಅದೇ ಪುಟದಲ್ಲಿ ‘ಇತರ ಮಾರಾಟಗಾರರು’ ಎಂಬಲ್ಲಿಂದ ಎರಡನೆಯ ಹೆಸರನ್ನು ಆರಿಸಿಕೊಂಡರು. ಮೂರನೆಯ ದಿನ ಬಂತು, ಪೆಟ್ಟಿಗೆಯೊಳಗೆ ಪೆಟ್ಟಿಗೆ. ಅವರು ದೀಪ ಹೊರಗೆ ತೆಗೆಯುವ ಮೊದಲೇ ಮಾರಾಟಗಾರನ ಪುಟ ತೆರೆದು ಐದು ಒತ್ತಿದರು. ದೀಪದ ಸ್ಟಾರ್ ಒಂದು ವಾರ ಬಳಸಿದ ಮೇಲೆ ಎಂದರು.